ನೇರಪ್ರಸಾರವನ್ನು ಹಿಂದಕ್ಕೆ ಎಳೆಯಬಹುದೇ: ಒಂದೇ ಆಟ, ಎರಡು ದಾರಿ

ನಮ್ಮೂರ ಯಕ್ಷಗಾನದ ಆಟವನ್ನು ಕಳೆದ ವರ್ಷ ಒಂದೇ ಕ್ಯಾಮೆರಾದಿಂದ ಎರಡು ಕಡೆಗೆ ಪ್ರಸಾರ ಮಾಡಿದ್ದೆ: ಒಂದು ಯೂಟ್ಯೂಬ್‌ಗೆ, ಇನ್ನೊಂದು nginx ಮತ್ತು ಅದರ rtmp ಮಾಡ್ಯೂಲ್ ಹಾಕಿದ್ದ ನನ್ನದೇ ಸರ್ವರ್‌ಗೆ. ಆಟ ರಾತ್ರಿ ಒಂಬತ್ತೂವರೆಗೆ ಶುರುವಾಯಿತು. ದುಬೈಯಲ್ಲಿರುವ ಚಿಕ್ಕಮ್ಮ ಕೆಲಸ ಮುಗಿಸಿ ನೋಡಲು ಕೂರುವಾಗ ಇಲ್ಲಿ ಹನ್ನೊಂದಾಗಿತ್ತು. ಅವರಿಗೆ ಕೊಟ್ಟಿದ್ದು ನನ್ನ ಸರ್ವರ್‌ನ ಕೊಂಡಿ. ಐದೇ ನಿಮಿಷದಲ್ಲಿ ಫೋನ್ ಬಂತು: "ಅರ್ಜುನನ ಒಡ್ಡೋಲಗ ನೋಡಬೇಕು ಮಾರಾಯ, ಇದು ಹಿಂದೆ ಹೋಗುವುದೇ ಇಲ್ಲವಲ್ಲ!"

ಅದೇ ಹೊತ್ತಿಗೆ ಯೂಟ್ಯೂಬ್‌ನಲ್ಲಿ ನೋಡುತ್ತಿದ್ದವರು ಆರಾಮವಾಗಿ ಚೌಕಿ ಪೂಜೆಯವರೆಗೂ ಹಿಂದೆ ಹೋಗಿ ಬರುತ್ತಿದ್ದರು. ಅಲ್ಲಿ ಪ್ರಸಾರದ ಸೆಟ್ಟಿಂಗ್‌ನಲ್ಲಿ Enable DVR ಎಂಬ ಗುಂಡಿ ಇದೆ. ಅದು ಚಾಲೂ ಇದ್ದರೆ ನೋಡುಗರು ನಿಲ್ಲಿಸಬಹುದು, ಹಿಂದಕ್ಕೆ ಎಳೆಯಬಹುದು, ಮತ್ತೆ LIVE ಎಂಬುದನ್ನು ಒತ್ತಿ ಸದ್ಯದ ಕ್ಷಣಕ್ಕೆ ಸೇರಿಕೊಳ್ಳಬಹುದು. ಇನ್ನೊಂದು ರಾತ್ರಿ ಅದನ್ನು ಬೇಕೆಂದೇ ಆಫ್ ಮಾಡಿ ನೋಡಿದೆ; ಹಿಂದಕ್ಕೆ ಎಳೆಯುವ ದಾರಿಯೇ ಮುಚ್ಚಿಹೋಯಿತು. ಪ್ರಸಾರ ಮುಗಿದ ಮೇಲೆ ಉಳಿಯುವ ದಾಖಲೆ ಬೇರೆಯದೇ ಮಾತು, ಹನ್ನೆರಡು ಗಂಟೆಯೊಳಗಿನ ಪ್ರಸಾರವಾದರೆ ಅದು ತಾನಾಗಿಯೇ ಉಳಿಯುತ್ತದೆ. ಹಾಗಾಗಿ ಯೂಟ್ಯೂಬ್‌ನಲ್ಲಿ ಹಿಂದೆ ಹೋಗಲಾಗದಿದ್ದರೆ ಮೊದಲು ಅನುಮಾನಿಸಬೇಕಾದುದು ಪ್ರಸಾರ ಮಾಡುವವರ ಈ ಗುಂಡಿಯನ್ನು. ಹಿಂದೆ ಸರಿದವರ ಚಾಟ್ ಮಾತುಗಳು ಸದ್ಯದ ದೃಶ್ಯಕ್ಕೆ ತಾಳೆಯಾಗುವುದಿಲ್ಲವೆಂದು ಕೆಲವರು ಅದನ್ನು ಉದ್ದೇಶಪೂರ್ವಕವಾಗಿಯೇ ಆಫ್ ಮಾಡುತ್ತಾರೆ.

ನನ್ನ ಸರ್ವರ್‌ನಲ್ಲಿ ಹಾಗೆ ಒಂದೇ ಗುಂಡಿ ಇರಲಿಲ್ಲ, ತಪ್ಪು ನನ್ನದೇ ಆಗಿತ್ತು. ಎಚ್‌ಎಲ್‌ಎಸ್ ವಿಧಾನದಲ್ಲಿ ವಿಡಿಯೋ ಒಂದೇ ಧಾರೆಯಾಗಿ ಹರಿಯುವುದಿಲ್ಲ. ಕೆಲವು ಸೆಕೆಂಡುಗಳ ತುಣುಕುಗಳಾಗಿ ಡಿಸ್ಕ್‌ಗೆ ಬೀಳುತ್ತದೆ, ಆ ತುಣುಕುಗಳ ಹೆಸರು m3u8 ಎಂಬ ಪ್ಲೇಲಿಸ್ಟ್‌ನಲ್ಲಿ ಸೇರುತ್ತ ಹೋಗುತ್ತದೆ. ನೋಡುಗನ ಪ್ಲೇಯರ್ ಆ ಪಟ್ಟಿಯಲ್ಲಿರುವಷ್ಟು ಹಿಂದಕ್ಕೆ ಮಾತ್ರ ಹೋಗಬಲ್ಲದು. ಈ ಮಾಡ್ಯೂಲ್‌ನಲ್ಲಿ ನಾವೇನೂ ಬರೆಯದಿದ್ದರೆ ತುಣುಕು 5 ಸೆಕೆಂಡಿನದು, ಪಟ್ಟಿ 30 ಸೆಕೆಂಡಿನದು. ಅದಕ್ಕಿಂತ ಹಳೆಯ ತುಣುಕುಗಳನ್ನು ಅದು ಪಟ್ಟಿಯಿಂದಲೂ ಡಿಸ್ಕ್‌ನಿಂದಲೂ ತೆಗೆಯುತ್ತ ಹೋಗುತ್ತದೆ. ಅಂದರೆ ಹಿಂದೆ ಹೋಗಲು ಅರ್ಧ ನಿಮಿಷವಾದರೂ ಸಿಕ್ಕಿತಲ್ಲ ಎನ್ನುವಂತಿಲ್ಲ. ಪ್ಲೇಯರ್ ಸಾಮಾನ್ಯವಾಗಿ ಕೊನೆಯಿಂದ ಮೂರು ತುಣುಕು ಹಿಂದೆ ನೋಡಲು ಆರಂಭಿಸುವುದರಿಂದ ಹದಿನೈದು ಸೆಕೆಂಡು ಅಲ್ಲಿಗೇ ಕಳೆದುಹೋಗುತ್ತದೆ. ಚಿಕ್ಕಮ್ಮನ ಕೈಗೆ ಉಳಿದದ್ದು ಬರೀ ಇನ್ನೊಂದು ಹದಿನೈದು.

ಇದನ್ನು ಗುರುತಿಸುವುದು ಸುಲಭ. ಪ್ಲೇಲಿಸ್ಟನ್ನು ಬ್ರೌಸರ್‌ನಲ್ಲಿ ಅಥವಾ `curl` ಮೂಲಕ ತೆರೆದು, ಒಂದು ನಿಮಿಷ ಬಿಟ್ಟು ಮತ್ತೆ ತೆರೆಯಬೇಕು. `#EXT-X-MEDIA-SEQUENCE` ಮುಂದಿನ ಸಂಖ್ಯೆ ಏರಿದ್ದರೆ ಪಟ್ಟಿಯ ತಲೆಯಿಂದ ತುಣುಕುಗಳು ಉದುರುತ್ತಿವೆ ಎಂದರ್ಥ. ನೋಡುಗರ ಕಡೆಯ ಲಕ್ಷಣವೂ ಒಂದಿದೆ: ಚಹಾಕ್ಕೆಂದು ಎರಡು ನಿಮಿಷ ನಿಲ್ಲಿಸಿ ಬಂದು ಮತ್ತೆ ಒತ್ತಿದರೆ, ನಿಲ್ಲಿಸಿದ ಜಾಗದಿಂದ ಮುಂದುವರಿಯದೆ ಚಿತ್ರ ಸದ್ಯದ ಕ್ಷಣಕ್ಕೆ ಹಾರುತ್ತದೆ, ಏಕೆಂದರೆ ಮುಂದೆ ಬೇಕಾದ ತುಣುಕು ಅಷ್ಟರಲ್ಲಿ ಸರ್ವರ್‌ನಿಂದ ಅಳಿಸಿಹೋಗಿರುತ್ತದೆ.

ಮುಂದಿನ ಆಟಕ್ಕೆ ನಾನು ಬದಲಿಸಿದ್ದು ಇಷ್ಟು:

```
hls_fragment 5s;
hls_playlist_length 2h;
```

ಸೆಕೆಂಡಿಗೆ ಎರಡೂವರೆ ಮೆಗಾಬಿಟ್‌ನ ಪ್ರಸಾರಕ್ಕೆ ಗಂಟೆಗೆ ಸುಮಾರು 1.1 ಜಿಬಿ ಜಾಗ ಬೇಕು. ಎರಡು ಗಂಟೆಗೆ ಎರಡು ಚಿಲ್ಲರೆ ಜಿಬಿ, ಅದು ತೊಂದರೆಯಲ್ಲ. ತೊಂದರೆ ಪ್ಲೇಲಿಸ್ಟ್‌ನದು. ಎರಡು ಗಂಟೆಯೆಂದರೆ 1,440 ತುಣುಕು. ಒಂದಕ್ಕೆ ಮೂವತ್ತು ಬೈಟ್‌ನಂತೆ ಲೆಕ್ಕ ಹಾಕಿದರೆ ಪಟ್ಟಿಯೇ ನಲವತ್ತು ಕೆಬಿ ದಾಟುತ್ತದೆ, ಅದನ್ನು ಪ್ರತಿಯೊಬ್ಬ ನೋಡುಗನ ಪ್ಲೇಯರ್ ಸುಮಾರು ಐದೈದು ಸೆಕೆಂಡಿಗೊಮ್ಮೆ ಮತ್ತೆ ತರಿಸಿಕೊಳ್ಳುತ್ತದೆ. ಇಡೀ ರಾತ್ರಿಯನ್ನು ಹಾಗೆ ಇಟ್ಟರೆ ಬಡ ನೆಟ್‌ವರ್ಕ್‌ನವರಿಗೆ ಅದೇ ಒಂದು ಹೊರೆಯಾಗುತ್ತದೆಂದು ನಾನು ಎರಡು ಗಂಟೆಗೆ ನಿಂತೆ. ತುಣುಕನ್ನು ಹತ್ತು ಸೆಕೆಂಡಿಗೆ ಹಿಗ್ಗಿಸಿದರೆ ಪಟ್ಟಿ ಅರ್ಧವಾಗುತ್ತದೆ, ಆದರೆ ಮೂರು ತುಣುಕಿನ ಲೆಕ್ಕದಲ್ಲಿ ನೋಡುಗ ಅರ್ಧ ನಿಮಿಷ ಹಿಂದೆ ಬೀಳುತ್ತಾನೆ. ಚೆಂಡೆ ಪೆಟ್ಟಿಗೆ ಚಾಟ್‌ನಲ್ಲಿ ಚಪ್ಪಾಳೆ ಬರುವಾಗ ಪಾತ್ರಧಾರಿ ಒಳಗೆ ಹೋಗಿರುತ್ತಾನೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಪುಟದಲ್ಲಿ ಎಳೆಯುವ ಗೆರೆ ಕಾಣಲಿಲ್ಲ. ತುಣುಕುಗಳೆಲ್ಲ ಸರ್ವರ್‌ನಲ್ಲಿದ್ದವು, ಆದರೆ ನಾನು ಬಳಸಿದ್ದ ವಿಡಿಯೋ.ಜೆಎಸ್ ಪ್ಲೇಯರ್ ನೇರಪ್ರಸಾರಕ್ಕೆ ಆ ಗೆರೆಯನ್ನು ತಾನಾಗಿ ತೋರಿಸುವುದಿಲ್ಲ. `liveui: true` ಎಂದು ಹೇಳಿದಾಗಷ್ಟೇ ಬಂತು.

ಎರಡರಲ್ಲಿ ಒಂದನ್ನೇ ಆರಿಸು ಎಂದರೆ ಇಡೀ ರಾತ್ರಿಯ ಆಟಕ್ಕೆ ನಾನು DVR ಚಾಲೂ ಇಟ್ಟ ಯೂಟ್ಯೂಬನ್ನೇ ಆರಿಸುತ್ತೇನೆ. ಎರಡು ಗಂಟೆಯ ಕಾಲಮಿತಿ ಪ್ರಯೋಗಕ್ಕೆ ಸ್ವಂತ ಸರ್ವರ್ ಸಾಕು. ಎರಡನೆಯ ಬಾರಿ ಚಿಕ್ಕಮ್ಮ ಹನ್ನೊಂದಕ್ಕೆ ಕೂತು ಒಂಬತ್ತೂವರೆಯಿಂದಲೇ ನೋಡಿದರು. ಒಂದು ಗಂಟೆಗೆ ಸೇರಿದ ಅವರ ಮಗನಿಗೆ ಮಾತ್ರ ಹನ್ನೊಂದಕ್ಕಿಂತ ಮೊದಲಿನದು ಸಿಗಲಿಲ್ಲ. ಅದನ್ನು ಬೆಳಿಗ್ಗೆ ಒಬಿಎಸ್‌ನಲ್ಲಿ ಉಳಿಸಿಟ್ಟಿದ್ದ ಕಡತದಿಂದ ಕಳುಹಿಸಿದೆ.