ಕುಣಿತ ನಕಲು ಮಾಡುವ ಎಐ ಟೂಲ್: ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಒಬ್ಬರು ಕುಣಿದ ವಿಡಿಯೊ ಮತ್ತು ಒಂದು ಪಾತ್ರದ ಚಿತ್ರ ಕೊಟ್ಟರೆ, ಆ ಪಾತ್ರವೇ ಅದೇ ಹೆಜ್ಜೆ ಹಾಕುವ ಹಾಗೆ ಈ ಟೂಲ್ ಮಾಡಿಕೊಡುತ್ತದೆ. ಮಕ್ಕಳ ಕಥೆಯ ವಿಡಿಯೊಗಳಿಗಾಗಿ ಯಕ್ಷಗಾನ ವೇಷದ ಪಾತ್ರವೊಂದನ್ನು ನಾನು ಇದರಲ್ಲೇ ಕುಣಿಸುತ್ತೇನೆ. ಹೆಜ್ಜೆ ನನ್ನ ತಮ್ಮನದು, ಅವನು ಕಲಿತವನು.

ಫಲಿತಾಂಶ ಚೆನ್ನಾಗಿ ಬರುವುದು ಮುಕ್ಕಾಲು ಪಾಲು ನಾವು ಕೊಡುವ ವಿಡಿಯೊ ಮೇಲೆ ನಿಂತಿದೆ. ನಾನು ಬಳಸುವ ಟೂಲ್ ಪ್ರತಿ ಫ್ರೇಮಿನಲ್ಲೂ ಭುಜ, ಮೊಣಕೈ, ಸೊಂಟ, ಮೊಣಕಾಲುಗಳನ್ನು ಚುಕ್ಕಿಗಳಾಗಿ ಗುರುತಿಸಿ ಗೆರೆ ಎಳೆಯುತ್ತದೆ, ಆ ಗೆರೆಗಳ ಮೇಲೆ ಪಾತ್ರವನ್ನು ಬಿಡಿಸುತ್ತದೆ. ಹಾಗಾಗಿ ಕುಣಿಯುವವರು ವೇಷ ಹಾಕಲೇಬಾರದು. ಕಚ್ಚೆ, ಅಗಲದ ಬಟ್ಟೆ ಇದ್ದರೆ ಮೊಣಕಾಲು ಕಾಣುವುದಿಲ್ಲ, ಟೂಲ್ ಊಹಿಸುತ್ತದೆ, ಕಾಲು ಅಡ್ಡಾದಿಡ್ಡಿ ಬಾಗುತ್ತದೆ. ಮೈಗಂಟಿದ ಟೀ ಶರ್ಟ್, ಪ್ಯಾಂಟ್ ಸಾಕು. ವೇಷ ಚಿತ್ರದಲ್ಲಿ ಇದ್ದರಾಯ್ತು.

ಕಷ್ಟದ ಜಾಗ ಅಂದರೆ ಯಕ್ಷಗಾನದ ಸುತ್ತು ಕುಣಿತವಾದ ಧೀಂಗಿಣ. ತಮ್ಮ ಗಿರ್ರನೆ ತಿರುಗುವಾಗ ಬೆನ್ನು ಕ್ಯಾಮೆರಾ ಕಡೆ ಬರುತ್ತದಲ್ವಾ, ಆಗ ಟೂಲಿಗೆ ಎಡಗೈ ಬಲಗೈ ಅದಲು ಬದಲಾಗುತ್ತದೆ, ಪಾತ್ರ ಅರ್ಧ ತಿರುಗಿ ತಟ್ಟನೆ ಮತ್ತೆ ಮುಖ ಮಾಡಿ ನಿಂತುಬಿಡುತ್ತದೆ. ಇದನ್ನು ಮುಂಚೆಯೇ ಹಿಡಿಯಬಹುದು. ಗೆರೆಗಳ ಪ್ರಿವ್ಯೂವಿನಲ್ಲಿ ಎರಡೂ ಕೈಗೆ ಬೇರೆ ಬೇರೆ ಬಣ್ಣ ಇರುತ್ತದೆ, ತಿರುಗುವಾಗ ಬಣ್ಣ ಜಿಗಿದರೆ ಕ್ರೆಡಿಟ್ ಖರ್ಚು ಮಾಡಬೇಡಿ. ನಾವು ಈಗ ಅಂಗಳದಲ್ಲಿ ಬಿಸಿಲಿರುವಾಗಲೇ ಶೂಟ್ ಮಾಡುತ್ತೇವೆ, ಶಟರ್ 1/250 ಇಡುತ್ತೇವೆ, ಕೈ ಮಸುಕಾಗುವುದಿಲ್ಲ. ಸುತ್ತನ್ನೂ ತಮ್ಮ ಸ್ವಲ್ಪ ನಿಧಾನ ಹಾಕುತ್ತಾನೆ, ಆಮೇಲೆ ಎಡಿಟಿಂಗಿನಲ್ಲಿ ವೇಗ ಕೂಡಿಸುತ್ತೇನೆ. ತುಂಬಾ ಸುತ್ತುಗಳಿದ್ದರೆ ಮಾತ್ರ ಇನ್ನೂ ಕೆಡುತ್ತದೆ, ಅಂಥ ಕಡೆ ಶಾಟ್ ಕತ್ತರಿಸಿ ಮುಂದಕ್ಕೆ ಹೋಗುವುದೇ ವಾಸಿ.

ಇನ್ನೊಂದು ಅಳತೆಯದು. ತಮ್ಮ ಎತ್ತರದ ಆಳು, ನನ್ನ ಮೊದಲಿನ ಪಾತ್ರ ದೊಡ್ಡ ತಲೆಯ ಗಿಡ್ಡ ಬಾಲಕ. ಟೂಲ್ ತಮ್ಮನ ಉದ್ದ ಕಾಲನ್ನೇ ಬಾಲಕನಿಗೂ ಅಂಟಿಸಿತು, ಮುಖ ಮಾತ್ರ ಹುಡುಗನದು. ಅಳತೆ ಹೊಂದಿಸುವ ಆಯ್ಕೆ ಇದೆ, ಆದರೆ ಅದನ್ನು ಒತ್ತಿದರೆ ಪಾದ ನೆಲದ ಮೇಲೆ ಜಾರಿದ ಹಾಗೆ ಕಾಣುತ್ತದೆ. ಪಾತ್ರವನ್ನೇ ದೊಡ್ಡವರ ಮೈಕಟ್ಟಿನಲ್ಲಿ ಬರೆಸಿದ ಮೇಲೆ ಸರಿಹೋಯ್ತು. ಚಿತ್ರದಲ್ಲೂ ಪಾತ್ರ ತಲೆಯಿಂದ ಪಾದದವರೆಗೆ ಕಾಣಬೇಕು, ವಿಡಿಯೊದ ಮೊದಲ ಫ್ರೇಮಿನ ಭಂಗಿಯಲ್ಲೇ ನಿಂತಿದ್ದರೆ ಇನ್ನೂ ಒಳ್ಳೆಯದು. ಫೋನ್ ಟ್ರೈಪಾಡ್ ಮೇಲಿರಲಿ, ಕ್ಯಾಮೆರಾ ಅಲುಗಿದರೆ ಅದನ್ನೂ ಕುಣಿತ ಅಂತಲೇ ಎಣಿಸುತ್ತದೆ.

ಮುಖದ ಭಾವ ಪೂರ್ತಿ ಮೈ ಕಾಣುವ ಶಾಟಿನಲ್ಲಿ ಬರುವುದಿಲ್ಲ, ಮುಖ ಅಷ್ಟು ಚಿಕ್ಕದಾಗಿರುತ್ತದೆ. ಮಾತಿನ ಭಾಗವನ್ನು ಸೊಂಟದ ಮೇಲಿನಿಂದ ಬೇರೆ ಶೂಟ್ ಮಾಡಿ ಹಾಕುತ್ತೇನೆ, ಹುಬ್ಬು ಕುಣಿಯುವುದೂ ಬರುತ್ತದೆ. ಬೆರಳ ಮುದ್ರೆಗಳು ನಂಬುವ ಹಾಗಿಲ್ಲ, ಆಗಾಗ ಎರಡು ಬೆರಳು ಒಂದಾಗುತ್ತವೆ.

ಕಲಾವಿದರ ಪ್ರದರ್ಶನದ ವಿಡಿಯೊ ಇಳಿಸಿಕೊಂಡು ಇದಕ್ಕೆ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಹೆಜ್ಜೆ ಅವರು ವರ್ಷಗಟ್ಟಲೆ ಕಲಿತದ್ದು, ಕೇಳಿ, ಹೆಸರು ಹಾಕಿ, ದುಡ್ಡು ಕೊಟ್ಟು ಮಾಡಿಸಿ. ಕುಣಿತದ ಚಿಕ್ಕ ಶಾಟ್‌ಗಳಿಗೆ ನಾನು ಚಂದಾ ಮುಂದುವರಿಸುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್.