ಥರ್ಮಿಸ್ಟರ್ ಟೇಬಲ್: ಓಮ್‌ನಲ್ಲೋ, ಎಡಿಸಿ ಎಣಿಕೆಯಲ್ಲೋ?

ವಿಜಯಪುರದಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಕೋಣೆಯೊಂದಕ್ಕೆ ಉಷ್ಣತೆ ತೋರಿಸುವ ಪೆಟ್ಟಿಗೆ ಮಾಡಬೇಕಿತ್ತು. ಆರ್ಡುಯಿನೊ ಊನೊ, 10 ಕಿಲೋ ಓಮ್‌ನ ಎನ್‌ಟಿಸಿ ಥರ್ಮಿಸ್ಟರ್ (B=3950), ಅದರ ಮೇಲೆ 5 ವೋಲ್ಟಿಗೆ 10 ಕಿಲೋ ಓಮ್‌ನ ರೆಸಿಸ್ಟರ್. ಕೋಣೆ 5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಟೇಬಲ್ಲನ್ನು ಎರಡು ರೀತಿ ಬರೆದು ನೋಡಿದೆ.

ಮೊದಲನೆಯದು ಓಮ್ ಟೇಬಲ್. ಎಡಿಸಿ ಎಣಿಕೆಯಿಂದ ರೋಧ ತೆಗೆದು, 10 ಡಿಗ್ರಿಗೊಂದರಂತೆ ಬರೆದ ರೋಧಗಳ ನಡುವೆ ನೇರ ಗೆರೆ ಎಳೆಯುವುದು. B ಸೂತ್ರದ ಪ್ರಕಾರ 0 ಡಿಗ್ರಿಗೆ 33620 ಓಮ್, 10 ಡಿಗ್ರಿಗೆ 20175. ನಿಜವಾದ 5 ಡಿಗ್ರಿಯಲ್ಲಿ ರೋಧ 25924 ಇರುತ್ತದೆ, ಆದರೆ ಗೆರೆ ಅದನ್ನು 5.7 ಡಿಗ್ರಿ ಎನ್ನುತ್ತದೆ. ರೋಧ ಘಾತೀಯವಾಗಿ ಇಳಿಯುವುದರಿಂದ ವಕ್ರರೇಖೆ ನಡುವೆ ಗೆರೆಯ ಕೆಳಗೆ ಜೋತುಬೀಳುತ್ತದೆ.

ಎರಡನೆಯದು ಎಡಿಸಿ ಎಣಿಕೆಯದೇ ಟೇಬಲ್. ಅವೇ ಬಿಂದುಗಳು 788 ಮತ್ತು 684 ಆಗುತ್ತವೆ, 5 ಡಿಗ್ರಿಯ ಎಣಿಕೆ 738. ಗೆರೆಯ ಉತ್ತರ 4.8. ಬಿಂದುಗಳು ಅಷ್ಟೇ ಇದ್ದರೂ ತಪ್ಪು 0.7ರಿಂದ 0.2ಕ್ಕೆ ಇಳಿಯಿತು. ವೋಲ್ಟೇಜ್ ಡಿವೈಡರ್ ತಾನೇ ವಕ್ರತೆಯ ಬಹುಪಾಲನ್ನು ನೇರ ಮಾಡಿಕೊಡುತ್ತದೆ. ಆ ಲಾಭವನ್ನು ರೋಧಕ್ಕೆ ಮರಳಿ ತಿರುಗಿಸಿ ಕಳೆದುಕೊಳ್ಳಬಾರದು ಅನ್ನುವುದೇ ನನ್ನ ಅಭಿಪ್ರಾಯ.

ಹೆಜ್ಜೆಯನ್ನು 5 ಡಿಗ್ರಿಗೆ ಇಳಿಸಿದರೆ ತಪ್ಪು ಸುಮಾರು ಕಾಲುಭಾಗ, ಅಂದರೆ 0.05 ಆಗುತ್ತದೆ. ಇಲ್ಲಿ ಎಡಿಸಿಯ ಒಂದು ಎಣಿಕೆಯೇ 0.1 ಡಿಗ್ರಿ, ಹಾಗಾಗಿ ಇದಕ್ಕಿಂತ ಸಣ್ಣ ಹೆಜ್ಜೆ ವ್ಯರ್ಥ.

```c
int d = a0 - a1;
int t = t0 + ((a0 - x) * 50 + d / 2) / d;
```

`t0` ಮತ್ತು ಉತ್ತರ ಎರಡೂ ಡಿಗ್ರಿಯ ಹತ್ತನೇ ಭಾಗದಲ್ಲಿ. ಎಣಿಕೆ 710 ಬಂದರೆ 738 ಮತ್ತು 684ರ ನಡುವೆ 50 + 26 = 76, ಅಂದರೆ 7.6 ಡಿಗ್ರಿ. `d / 2` ಬಿಟ್ಟರೆ ಭಾಗಾಕಾರ ಕೆಳಕ್ಕೆ ಕತ್ತರಿಸಿ 7.5 ಕೊಡುತ್ತದೆ. ಓಮ್ ಟೇಬಲ್ಲಿನಲ್ಲಿ 33620 ಅನ್ನುವ ಸಂಖ್ಯೆಯೇ ಊನೊದ 16 ಬಿಟ್ `int`ಗೆ ಹಿಡಿಸುವುದಿಲ್ಲ, `long` ಬೇಕಾಗುತ್ತದೆ.

ಓಮ್ ಟೇಬಲ್ಲಿನ ಪರವಾಗಿ ಒಂದು ಮಾತು ಹೇಳಲೇಬೇಕು. ರೆಸಿಸ್ಟರ್ ಬದಲಾದರೂ ಅದು ಹಾಗೇ ಉಳಿಯುತ್ತದೆ, ಲೆಕ್ಕದಲ್ಲಿ ಒಂದು ಸಂಖ್ಯೆ ತಿದ್ದಿದರೆ ಸಾಕು. ಎಡಿಸಿ ಟೇಬಲ್ಲನ್ನು ಪೂರ್ತಿ ಹೊಸದಾಗಿ ಬರೆಯಬೇಕು. ಬೇರೆ ಬೇರೆ ಬೋರ್ಡ್‌ಗಳಿಗೆ ಒಂದೇ ಪ್ರೋಗ್ರಾಂ ಹಾಕುವವರಿಗೆ ಇದು ಸಣ್ಣ ವಿಷಯವಲ್ಲ. ನನ್ನ ಬೋರ್ಡ್ ಬದಲಾಗುವುದಿಲ್ಲ, ಅದಕ್ಕೇ ಎಡಿಸಿ ಟೇಬಲ್ಲನ್ನೇ ಇಟ್ಟುಕೊಂಡೆ. ಅಂಕಿಗಳನ್ನು ಮಾತ್ರ B ಸೂತ್ರದ ಬದಲು ಥರ್ಮಿಸ್ಟರ್ ತಯಾರಕರ ಟೇಬಲ್ಲಿನಿಂದಲೇ ತೆಗೆಯಿರಿ, 25ರಿಂದ ದೂರ ಹೋದಷ್ಟೂ ಒಂದೇ B ಸರಿಹೊಂದುವುದಿಲ್ಲ.

ಪರೀಕ್ಷೆಗೆ ಬರೀ ಮಂಜುಗಡ್ಡೆ ನೀರು ಸಾಲದು. 0 ಡಿಗ್ರಿ ಟೇಬಲ್ಲಿನದೇ ಬಿಂದು, ಅಲ್ಲಿ ಎರಡೂ ಸರಿಯಾಗೇ ತೋರಿಸುತ್ತವೆ. ಮಂಜುಗಡ್ಡೆ ತೆಗೆದು, ನೀರು ಕಲಕುತ್ತ, ಗಾಜಿನ ಥರ್ಮಾಮೀಟರ್ ಎರಡು ಬಿಂದುಗಳ ನಡುಮಧ್ಯಕ್ಕೆ ಬಂದಾಗ ಓದಿ. ಟೇಬಲ್ಲಿನ ತಪ್ಪು ಕಾಣಿಸುವುದು ಅಲ್ಲೇ.