ದತ್ತಿನಿಧಿ: ಇಪ್ಪತ್ತು ವರ್ಷಕ್ಕೋ, ಶಾಶ್ವತಕ್ಕೋ?

ಕಲಬುರಗಿಯ ಕಾಲೇಜೊಂದರಲ್ಲಿ ದತ್ತಿನಿಧಿ ಇಟ್ಟು, ಈ ವರ್ಷದಿಂದಲೇ 50,000 ರೂಪಾಯಿಯ ವಿದ್ಯಾರ್ಥಿವೇತನ ಕೊಡಬಯಸುವವರು ಎರಡು ಲೆಕ್ಕಗಳನ್ನು ಹೋಲಿಸಬೇಕಾಗುತ್ತದೆ. ಬಡ್ಡಿ ಶೇ. 8 ಎಂದಿಟ್ಟುಕೊಳ್ಳೋಣ.

ಇಪ್ಪತ್ತು ವರ್ಷ ಮಾತ್ರ, ಪ್ರತಿ ವರ್ಷದ ಆರಂಭದಲ್ಲಿ ಅಷ್ಟೇ ಮೊತ್ತ ಕೊಡುವುದಾದರೆ ಸುಮಾರು 5.30 ಲಕ್ಷ ಬೇಕು. ವರ್ಷಾಂತ್ಯದ ಪಾವತಿಗೆ ಬರುವ 4.91 ಲಕ್ಷವನ್ನು 1.08ರಿಂದ ಗುಣಿಸಿದರೆ ಈ ಮೊತ್ತ ಸಿಗುತ್ತದೆ. ಹಲವರು ಈ ಗುಣಾಕಾರವನ್ನೇ ಮರೆಯುತ್ತಾರೆ. ಹಾಗಾದಲ್ಲಿ ಕೊನೆಯ ಮೂರು ವರ್ಷಗಳಿಗೆ ನಿಧಿಯಲ್ಲಿ ಹಣವೇ ಉಳಿಯುವುದಿಲ್ಲ.

ಶುಲ್ಕ ಏರಿದಂತೆ ವೇತನವನ್ನೂ ವರ್ಷಕ್ಕೆ ಶೇ. 5ರಂತೆ ಏರಿಸುತ್ತ ಶಾಶ್ವತವಾಗಿ ಕೊಡಬೇಕೆಂದರೆ, ಮುಂದಿನ ವರ್ಷದ 52,500 ರೂಪಾಯಿಯನ್ನು ಬಡ್ಡಿ ಮತ್ತು ಏರಿಕೆಯ ಅಂತರವಾದ 0.03ರಿಂದ ಭಾಗಿಸಿ, ಬರುವ 17.50 ಲಕ್ಷಕ್ಕೆ ಇಂದೇ ಕೊಡುವ 50,000 ಸೇರಿಸಬೇಕು: ಒಟ್ಟು 18 ಲಕ್ಷ. ಅಪಾಯವಿರುವುದು ಆ ಸಣ್ಣ ಅಂತರದಲ್ಲಿಯೇ. ಬಡ್ಡಿ ಶೇ. 7ಕ್ಕೆ ಇಳಿದರೆ ಬೇಕಾಗುವ ನಿಧಿ 26.75 ಲಕ್ಷಕ್ಕೆ ಜಿಗಿಯುತ್ತದೆ, ಆದರೆ ಇಪ್ಪತ್ತು ವರ್ಷದ ನಿಧಿ 5.67 ಲಕ್ಷಕ್ಕಷ್ಟೇ ಏರುತ್ತದೆ. ಬಡ್ಡಿ ಏರಿಕೆಗಿಂತ ಹೆಚ್ಚಿರದಿದ್ದರೆ ಈ ಸೂತ್ರ ಅನ್ವಯಿಸುವುದೇ ಇಲ್ಲ.

ಅವಧಿ ನಿಗದಿಯಾದ ನಿಧಿ ಅಗ್ಗವೇನೋ ಹೌದು, ಆದರೆ ಶೇ. 5ರ ಬೆಲೆಯೇರಿಕೆಯಲ್ಲಿ ಅದರ ಕೊನೆಯ ಕಂತಿಗೆ ಇಂದಿನ 19,800 ರೂಪಾಯಿಯಷ್ಟೇ ಬೆಲೆ. ಕೈಯಲ್ಲಿ 9 ಲಕ್ಷವಿದ್ದರೆ, 25,000 ರೂಪಾಯಿಯಿಂದ ಆರಂಭವಾಗುವ ಶಾಶ್ವತ ವೇತನವನ್ನೇ ನಾನು ಆರಿಸಿಕೊಳ್ಳುತ್ತೇನೆ.